ಬಾಕಿ ಬಿಲ್ಲಿಗೆ ನಾಲ್ಕು ಓಲೆ

ಪೀಣ್ಯದ ಸಣ್ಣ ಸಂಸ್ಥೆಯೊಂದು ದೊಡ್ಡ ಕಂಪನಿಯ ಯಂತ್ರಗಳನ್ನು ರಿಪೇರಿ ಮಾಡಿ ಜೂನ್ 1ರಂದು ಬಿಲ್ ಕಳಿಸಿತು ಎಂದಿಟ್ಟುಕೊಳ್ಳಿ. ಕೆಲಸದ ಬಾಬ್ತು 2 ಲಕ್ಷ ರೂಪಾಯಿ, ಶೇ 18ರ ಜಿಎಸ್‌ಟಿ 36 ಸಾವಿರ. 30 ದಿನದ ವಾಯಿದೆ ಜುಲೈ 1ಕ್ಕೆ ಮುಗಿಯುತ್ತದೆ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಸಂಸ್ಥೆಯಾದರೆ, ಹಣ ಬಾರದಿದ್ದರೂ ಜುಲೈ 20ರೊಳಗೆ ಆ ತೆರಿಗೆಯ ಲೆಕ್ಕ ತೀರಿಸಬೇಕು. ಹಾಗೆಂದು ಗಿರಾಕಿಯ ಮೇಲೆ ರೇಗುವಂತಿಲ್ಲ, ಮುಂದಿನ ಕೆಲಸವೂ ಅವರಿಂದಲೇ ಬರಬೇಕಲ್ಲ!

ಆದ್ದರಿಂದ ಪಳಗಿದ ಅಕೌಂಟ್ಸ್‌ನವರು ಮೊದಲ ಓಲೆಯನ್ನು ವಾಯಿದೆಗೆ ನಾಲ್ಕೈದು ದಿನ ಮುಂಚೆಯೇ ಕಳಿಸುತ್ತಾರೆ. ಅದರಲ್ಲಿ ಹಣದ ಒತ್ತಾಯವಿಲ್ಲ, ಒಂದು ಪ್ರಶ್ನೆಯಿದೆ: “ನಮ್ಮ ಬಿಲ್ ತಮಗೆ ತಲುಪಿದೆಯೇ? ಆರ್ಡರ್ ನಂಬರ್ ಸರಿಯಿದೆಯೇ?” ಎಷ್ಟೋ ಬಿಲ್ಲುಗಳು ನಿಲ್ಲುವುದು ಕೊಡುವ ಮನಸ್ಸಿಲ್ಲದೆ ಅಲ್ಲ. ಕೆಲಸ ಮುಗಿದಿದೆ ಎಂದು ಷಾಪ್‌ಫ್ಲೋರ್ ಎಂಜಿನಿಯರ್ ಸಹಿ ಹಾಕಿರುವುದಿಲ್ಲ, ಅಷ್ಟೇ. ಈ ಗಂಟು ಜೂನ್‌ನಲ್ಲೇ ಸಿಕ್ಕರೆ ಬಿಡಿಸುವುದು ಸುಲಭ.

ಜುಲೈ 4ರ ಎರಡನೇ ಓಲೆ ಮೂರೇ ಸಾಲು: ಬಿಲ್ ನಂಬರ್, ಮೊತ್ತ, ಬ್ಯಾಂಕ್ ಖಾತೆ. “ಈಗಾಗಲೇ ಪಾವತಿಸಿದ್ದರೆ ದಯವಿಟ್ಟು ಯುಟಿಆರ್ ನಂಬರ್ ತಿಳಿಸಿ” ಎಂಬ ಮಾತು ಗಿರಾಕಿಯ ಮರ್ಯಾದೆ ಕಾಯುತ್ತದೆ. ಅದಕ್ಕೂ ಉತ್ತರವಿಲ್ಲದಿದ್ದರೆ ಹತ್ತು ದಿನದ ನಂತರ ಮೂರನೆಯದು. ಅದು ಗುಮಾಸ್ತರಿಗಲ್ಲ, ಅವರ ಮ್ಯಾನೇಜರಿಗೆ. “ಬೇಗ ಕೊಡಿ” ಎನ್ನುವುದರ ಬದಲು “ಯಾವ ತಾರೀಖಿಗೆ ನಿರೀಕ್ಷಿಸಲಿ?” ಎಂದು ಕೇಳುತ್ತದೆ. ತಾರೀಖು ಕೊಟ್ಟವರಿಗೆ ಆ ದಿನದವರೆಗೆ ಮತ್ತೆ ಬರೆಯಬಾರದು.

ಕಾನೂನು ಇಣುಕುವುದು ನಾಲ್ಕನೆಯದರಲ್ಲಿ. ಸಂಸ್ಥೆ ಉದ್ಯಮ್ ನೋಂದಣಿಯಿರುವ ಕಿರು ಅಥವಾ ಸಣ್ಣ ಉದ್ಯಮವಾದರೆ, 2006ರ ಎಂಎಸ್‌ಎಂಇ ಕಾಯ್ದೆ ವಾಯಿದೆಯನ್ನು 45 ದಿನ ದಾಟಲು ಬಿಡುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬೆದರಿಕೆಗಿಂತ ನಾಟುವ ಇನ್ನೊಂದು ಮಾತಿದೆ. ಬಿಲ್ ಆದ 180 ದಿನದೊಳಗೆ, ಇಲ್ಲಿ ನವೆಂಬರ್ 28ರೊಳಗೆ, ಹಣ ಕೊಡದಿದ್ದರೆ ಗಿರಾಕಿ ತಾನು ಪಡೆದ 36 ಸಾವಿರದ ಜಿಎಸ್‌ಟಿ ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ಅದನ್ನು ನೆನಪಿಸಿದರೆ ಓಲೆ ಅವರ ಹಿತದ್ದೇ ಆಗುತ್ತದೆ.

ಕೆಡುವುದು ಸಾಫ್ಟ್‌ವೇರಿಗೆ ಎಲ್ಲ ಬಿಟ್ಟಾಗ. ಗಿರಾಕಿ 2 ಲಕ್ಷದ ಮೇಲೆ ಶೇ 2ರ ಟಿಡಿಎಸ್ ಹಿಡಿದು 2,32,000 ಕಳಿಸಿರುತ್ತಾರೆ. ಅದನ್ನು ಬಿಲ್ಲಿಗೆ ಹೊಂದಿಸದಿದ್ದರೆ ಉಳಿದ 4,000ಕ್ಕೆ ಕಠಿಣ ಓಲೆಯೊಂದು ತಾನಾಗಿಯೇ ಹೊರಡುತ್ತದೆ. ಪೂರ್ತಿ ಕೊಟ್ಟವರಿಗೆ ಸಾಲಗಾರರೆಂಬ ಪಟ್ಟ!

ಬಂದ ಉತ್ತರಗಳನ್ನು ಜೋಪಾನ ಮಾಡಬೇಕು. ಇಂಥ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಅದು ಮುಗಿಯುವ ಮುನ್ನ ಗಿರಾಕಿ ಬಾಕಿಯನ್ನು ಒಪ್ಪಿ ಸಹಿ ಮಾಡಿದ ಪತ್ರ ಕೊಟ್ಟರೆ, ಆ ದಿನದಿಂದ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಫೋನಿನಲ್ಲಿ ಕೊಟ್ಟ ಮಾತಿಗೆ ಆ ಬಲವಿಲ್ಲ.