ಶುಲ್ಕವಿಲ್ಲ ಎಂದರೂ ಕಳೆಯುವ ಪೈಸೆ

ದುಬೈಯಲ್ಲಿ ದುಡಿಯುವ ಉಡುಪಿ, ಭಟ್ಕಳ ಕಡೆಯ ಅನೇಕರು ಊರಿಗೆ ಹಣ ಕಳಿಸುವಾಗ ಮೊದಲು ಕೇಳುವುದು ಶುಲ್ಕ ಎಷ್ಟೆಂದು. ಆದರೆ ಹಣ ರವಾನಿಸುವ ಸಂಸ್ಥೆಗೆ ಸಂಪಾದನೆಯ ದಾರಿ ಎರಡು. ಶುಲ್ಕ ರಸೀದಿಯಲ್ಲಿ ಕಾಣುತ್ತದೆ. ಮಾರುಕಟ್ಟೆ ದರಕ್ಕಿಂತ ಕೆಲವು ಪೈಸೆ ಕಡಿಮೆ ದರ ಕೊಟ್ಟು ಉಳಿಸಿಕೊಳ್ಳುವ ಹಣ ಸಾಮಾನ್ಯವಾಗಿ ಕಾಣುವುದಿಲ್ಲ.

ಲೆಕ್ಕಕ್ಕೆಂದು ಮಾರುಕಟ್ಟೆ ದರ ದಿರ್ಹಮ್‌ಗೆ 23 ರೂಪಾಯಿ ಎಂದಿಟ್ಟುಕೊಳ್ಳೋಣ. ಎಕ್ಸ್‌ಚೇಂಜ್ ಕೌಂಟರಿನಲ್ಲಿ ತೆರಿಗೆ ಸೇರಿ 23 ದಿರ್ಹಮ್ ಶುಲ್ಕ, ದರ 22.92. ಆ್ಯಪ್‌ನಲ್ಲಿ ಶುಲ್ಕವೇ ಇಲ್ಲ, ದರ 22.70. ಕೈಯಲ್ಲಿರುವುದು ಒಟ್ಟು 2,000 ದಿರ್ಹಮ್. ಕೌಂಟರಿನಲ್ಲಿ ಶುಲ್ಕ ಕಳೆದು ಉಳಿದ 1,977 ದಿರ್ಹಮ್‌ಗೆ ಊರಲ್ಲಿ ಸಿಗುವುದು 45,313 ರೂಪಾಯಿ. ಆ್ಯಪ್‌ನಲ್ಲಿ 45,400. ಇಲ್ಲಿ ಆ್ಯಪ್ ಗೆದ್ದಿತು. ಅದೇ 5,000 ದಿರ್ಹಮ್ ಕಳಿಸಿ ನೋಡಿ. ಕೌಂಟರಿನಿಂದ 1,14,073 ರೂಪಾಯಿ ಬಂದರೆ, ಆ್ಯಪ್‌ನಿಂದ 1,13,500. ‘ಶುಲ್ಕವಿಲ್ಲ’ ಎಂದವರಲ್ಲಿ 573 ರೂಪಾಯಿ ಕಡಿಮೆ!

ಶುಲ್ಕ ಒಮ್ಮೆ ಕಟ್ಟಿದರೆ ಮುಗಿಯಿತು, ಮೊತ್ತ ಹೆಚ್ಚಿದರೂ ಅಷ್ಟೇ. ದರದಲ್ಲಿ ಹಿಡಿಯುವ ಪೈಸೆಯಾದರೋ ಪ್ರತಿ ದಿರ್ಹಮ್‌ಗೂ ಬೀಳುತ್ತದೆ. ಈ ಉದಾಹರಣೆಯಲ್ಲಿ ಎರಡೂ ಸಮವಾಗುವುದು ಸುಮಾರು 2,400 ದಿರ್ಹಮ್‌ನಲ್ಲಿ. ಅದಕ್ಕಿಂತ ಕಡಿಮೆ ಕಳಿಸುವವರಿಗೆ ಶುಲ್ಕವಿಲ್ಲದ್ದು ಲಾಭ, ಹೆಚ್ಚು ಕಳಿಸುವವರಿಗೆ ಶುಲ್ಕ ಕೊಟ್ಟು ಒಳ್ಳೆಯ ದರ ಪಡೆಯುವುದೇ ಲಾಭ. ತಿಂಗಳಿಗೆ ಎರಡು ಸಲ ಸಣ್ಣ ಮೊತ್ತ ಕಳಿಸುವವರು ಒಟ್ಟಿಗೆ ಕಳಿಸಿದರೆ ಒಂದು ಶುಲ್ಕ ಉಳಿಯುತ್ತದೆ.

ಹೀಗಾಗಿ ಎಲ್ಲರಿಗೂ ಒಂದೇ ಪ್ರಶ್ನೆ ಹಾಕುವುದು ಒಳ್ಳೆಯದು: ‘ನಾನು ಒಟ್ಟು ಇಷ್ಟು ಕೊಟ್ಟರೆ, ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ?’ ಉತ್ತರಗಳನ್ನು ಒಂದೇ ಹೊತ್ತಿನಲ್ಲಿ ಪಡೆಯಬೇಕು. ದಿರ್ಹಮ್ ಡಾಲರಿಗೆ 3.6725ರ ದರದಲ್ಲಿ ಕಟ್ಟಿಕೊಂಡಿರುವುದರಿಂದ, ರೂಪಾಯಿ ಡಾಲರಿನೆದುರು ಏರಿಳಿದಂತೆಲ್ಲ ಈ ದರವೂ ಬದಲಾಗುತ್ತದೆ. ಬೆಳಗಿನ ದರವನ್ನು ಸಂಜೆಯದರ ಜೊತೆ ಹೋಲಿಸಿ ಫಲವಿಲ್ಲ. ಆ್ಯಪ್‌ಗಳು ಮೊದಲ ರವಾನೆಗೆಂದೇ ಕೊಡುವ ಆಕರ್ಷಕ ದರ ಎರಡನೇ ಸಲ ಇರುವುದಿಲ್ಲ, ಅದನ್ನೂ ಗಮನಿಸಬೇಕು.

ಬ್ಯಾಂಕಿನಿಂದ ಡಾಲರ್ ರೂಪದಲ್ಲೇ ಸ್ವಿಫ್ಟ್ ಮೂಲಕ ಕಳಿಸುವುದಾದರೆ ಈ ಪ್ರಶ್ನೆಗೆ ಖಚಿತ ಉತ್ತರ ಸಿಗುವುದು ಕಷ್ಟ. ನಡುವಿನ ಬ್ಯಾಂಕ್ ತನ್ನ ಪಾಲು ಮುರಿದುಕೊಳ್ಳಬಹುದು. ರೂಪಾಯಿಗೆ ಬದಲಿಸುವುದು ಊರಿನ ಬ್ಯಾಂಕ್, ಅದೂ ಹಣ ತಲುಪಿದ ದಿನದ ತನ್ನದೇ ದರದಲ್ಲಿ. ಆ ಬದಲಾವಣೆಗೆ ಕನಿಷ್ಠ 45 ರೂಪಾಯಿ ಜಿಎಸ್‌ಟಿಯೂ ಬೀಳುತ್ತದೆ. ಸಣ್ಣ ಮೊತ್ತಕ್ಕೆ ಈ ದಾರಿ ಬೇಡವೇ ಬೇಡ.