ಜಾಹೀರಾತಿಗೂ ಮುಂಚೆ ಒಂದು ಪುಟ್ಟ ಪತ್ರ

ಕಳೆದ ಅಕ್ಟೋಬರಿನ ಒಂದು ಸಂಜೆ. ಮೋಟೆಬೆನ್ನೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಅವಲಕ್ಕಿ ಹಸನು ಮಾಡುತ್ತ ಕುಳಿತಿದ್ದೆ. ಎದುರು ಮನೆಯ ಹುಡುಗಿ ಮೊಬೈಲು ಹಿಡಿದುಕೊಂಡು ಬಂದಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದವಳು. "ಅಕ್ಕಾರ, ಲಿಂಕ್ಡ್‌ಇನ್‌ನ್ಯಾಗ ಇಪ್ಪತ್ತ್ ಮಂದಿಗೆ ಬರದೀನ್ರಿ. ಒಬ್ಬರೂ ಉತ್ತರಾನ ಕೊಡವಲ್ರು" ಅಂದಳು. ಅವಳ ದನಿಯಲ್ಲಿ ಅಳು ತುಂಬಿತ್ತು. ಯುಗಾದಿಯೊಳಗೆ ಕೆಲಸ ಸಿಗದಿದ್ದರೆ ಬೆಂಗಳೂರಿನ ಹಾದಿ ಹಿಡಿಯಬೇಕಿತ್ತು. ಮನೆಯಲ್ಲಿ ನೋಡಿದರೆ ತಾಯಿ ಒಬ್ಬರೇ.

ಅವಳು ಬರೆದದ್ದನ್ನು ಓದಿದೆ. "ಮಾನ್ಯರೇ, ನಾನು ಕಷ್ಟಪಟ್ಟು ಓದಿದ್ದೇನೆ. ನಿಮ್ಮ ಕಂಪನಿಯಲ್ಲಿ ಯಾವ ಕೆಲಸವಿದ್ದರೂ ಕೊಡಿ." ಮೊದಲು ಕಚೇರಿಯ ನೇಮಕಾತಿ ವಿಭಾಗದಲ್ಲಿ ದುಡಿದವಳು ನಾನು. ಇಂಥ ಪತ್ರಕ್ಕೆ ಯಾಕೆ ಉತ್ತರ ಹೋಗುವುದಿಲ್ಲವೆಂಬುದು ನನಗೆ ಗೊತ್ತು. 'ಯಾವ ಕೆಲಸವಾದರೂ' ಎಂದಾಗ ಯಾವ ಕೆಲಸವೆಂದು ಹುಡುಕುವ ಹೊರೆ ಓದುವವರ ತಲೆಗೆ ಬೀಳುತ್ತದೆ. ಅಷ್ಟು ಪುರಸತ್ತು ಅವರಿಗೆಲ್ಲಿ?

ಜಾಹೀರಾತಾಗದ ಕೆಲಸ ಎಲ್ಲಿರುತ್ತದೆ?

ಒಂದು ಕೆಲಸ ಜಾಹೀರಾತಿನಲ್ಲಿ ಕಾಣುವ ಮುಂಚೆ ಬಹಳ ದಿನ ಒಳಗೊಳಗೇ ಇರುತ್ತದೆ. ವಿಭಾಗದ ಮುಖ್ಯಸ್ಥರು "ಇನ್ನೊಬ್ಬರು ಬೇಕು" ಎನ್ನುತ್ತಾರೆ, ಮೇಲಿನವರ ಒಪ್ಪಿಗೆಗೆ ಕಾಗದ ಹೋಗುತ್ತದೆ, ಸಂಬಳ ನಿಗದಿಯಾಗುತ್ತದೆ. ನಾವು ಬರೆಯಬೇಕಾದದ್ದು ಈ ಹೊತ್ತಿನಲ್ಲಿ.

ಆ ಹೊತ್ತು ಹೊರಗಿನವರಿಗೆ ತಿಳಿಯುವುದು ಹೇಗೆ? ನಮ್ಮ ಬ್ಯಾಡಗಿಯನ್ನೇ ನೋಡಿ. ಇಲ್ಲಿಯ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣವನ್ನು ಓಲಿಯೋರೆಸಿನ್ ಎಂಬ ಗಟ್ಟಿ ಎಣ್ಣೆಯ ರೂಪದಲ್ಲಿ ತೆಗೆಯುವ ಕಾರ್ಖಾನೆಗಳಿವೆ. ಅದು ತಿಂಡಿ ತಿನಿಸಿಗೂ ಹೋಗುತ್ತದೆ, ತುಟಿಯ ಬಣ್ಣಕ್ಕೂ ಹೋಗುತ್ತದೆ. ಹೊಸ ಕಾಯಿಯ ಆವಕ ಏರುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಆಗ ಪರೀಕ್ಷೆಗೆ ಬರುವ ಮಾದರಿಗಳೂ ಏರುತ್ತವೆ, ಲ್ಯಾಬಿಗೆ ಹೆಚ್ಚಿನ ಕೈ ಬೇಕಾಗುವ ಸಂಭವವೂ ಇರುತ್ತದೆ. ಆದ್ದರಿಂದ ಬರೆಯುವುದಿದ್ದರೆ ಅಕ್ಟೋಬರಿನಲ್ಲೇ ಬರೆಯಬೇಕು. ಆವಕ ತುಂಬಿದ ಮೇಲೆ ಬರೆದರೆ ಊಟವಾದ ಮೇಲೆ ಎಲೆ ಹಾಕಿದಂತೆ.

ಯಾರಿಗೆ ಬರೆಯಬೇಕು?

ಲಿಂಕ್ಡ್‌ಇನ್‌ನಲ್ಲಿ ನೇಮಕಾತಿಯವರು ಎರಡು ಬಗೆ. ಏಜೆನ್ಸಿಯವರು ಹಲವು ಕಂಪನಿಗಳಿಗೆ ಜನ ಹುಡುಕಿಕೊಡುತ್ತಾರೆ. ಕಂಪನಿಯವರು ಒಪ್ಪಿಸಿದ ಕೆಲಸವಷ್ಟೇ ಅವರ ಕೈಯಲ್ಲಿರುತ್ತದೆ. ಇನ್ನೊಂದು ಬಗೆಯವರು ಕಂಪನಿಯ ಒಳಗೇ ಇರುವವರು. ಹೆಸರಿನ ಕೆಳಗೆ Talent Acquisition ಅಥವಾ HR ಎಂದು ಬರೆದು, ಜೊತೆಗೆ ಆ ಕಂಪನಿಯ ಹೆಸರನ್ನೇ ಹಾಕಿರುತ್ತಾರೆ. ಮುಂದೆ ಬರಲಿರುವ ಕೆಲಸದ ಸುಳಿವು ಸಿಗುವುದು ಇವರಿಗೆ. ಕಂಪನಿ ಚಿಕ್ಕದಾಗಿದ್ದು ಇಂಥವರು ಇಲ್ಲದಿದ್ದರೆ ಗುಣಮಟ್ಟ ವಿಭಾಗದ ಮುಖ್ಯಸ್ಥರಿಗೆ ನೇರ ಬರೆಯಬಹುದು.

ನಮ್ಮ ಹುಡುಗಿ ಹೀಗೆ ಆರಿಸಿದ್ದು ಆರೇ ಮಂದಿಯನ್ನು. ಉಚಿತ ಖಾತೆಯವರಿಗೆ ಪತ್ರ ಸಮೇತ ಕಳಿಸುವ ಆಹ್ವಾನಗಳು ತಿಂಗಳಿಗೆ ಕೆಲವೇ ಸಿಗುತ್ತವೆ. ಕಂಡವರಿಗೆಲ್ಲ ಕಳಿಸಿ ಅವನ್ನು ಪೋಲು ಮಾಡಬೇಡಿ.

ಎರಡು ಹಂತದ ಪತ್ರ

ಪರಿಚಯವಿಲ್ಲದವರಿಗೆ ಮೊದಲು ಹೋಗುವುದು ಆಹ್ವಾನ. Connect ಒತ್ತಿದಾಗ Add a note ಎಂದು ಕೇಳುತ್ತದೆ. ಮೊಬೈಲಿನಲ್ಲಿ ಕೆಲವೊಮ್ಮೆ ಕೇಳದೆಯೇ ಬರಿ ಆಹ್ವಾನ ಹೊರಟುಬಿಡುತ್ತದೆ. ಆದ್ದರಿಂದ ಪಕ್ಕದ ಮೂರು ಚುಕ್ಕಿಯ ಗುಂಡಿ ಒತ್ತಿ Personalize invite ಆರಿಸಿ. ಕಳಿಸಿದ ಆಹ್ವಾನ ಹಿಂತೆಗೆದುಕೊಂಡರೆ ಅದೇ ವ್ಯಕ್ತಿಗೆ ಮೂರು ವಾರದವರೆಗೆ ಮತ್ತೆ ಕಳಿಸಲಾಗದು, ಎಚ್ಚರ.

ಈ ಚೀಟಿಯಲ್ಲಿ ಜಾಗ ಬಹಳ ಕಮ್ಮಿ, ಎರಡು ಮೂರು ಸಾಲು ಹಿಡಿದರೆ ಹೆಚ್ಚು. ಅವಳು ಇಂಗ್ಲಿಷಿನಲ್ಲಿ ಬರೆದದ್ದರ ತಾತ್ಪರ್ಯ ಇಷ್ಟು:

"ಎಂ.ಎಸ್ಸಿ. ರಸಾಯನಶಾಸ್ತ್ರ, ಊರು ಮೋಟೆಬೆನ್ನೂರು. ಮೆಣಸಿನಕಾಯಿಯ ಬಣ್ಣ ಅಳೆಯುವುದು ನನ್ನ ಪ್ರಾಜೆಕ್ಟ್. ಈ ಹಂಗಾಮಿನ ಲ್ಯಾಬ್ ಕೆಲಸದ ಬಗ್ಗೆ ಒಂದು ಪ್ರಶ್ನೆ ಕೇಳಬಹುದೇ?"

ಆಹ್ವಾನ ಒಪ್ಪಿದ ಮೇಲೆ ನಿಜವಾದ ಪತ್ರ. ಅದೂ ಮೊಬೈಲಿನ ಒಂದು ಪರದೆ ಮೀರಬಾರದು:

"ನಮಸ್ಕಾರ. ಹಂಗಾಮಿನಲ್ಲಿ ನಿಮ್ಮ ಗುಣಮಟ್ಟ ಲ್ಯಾಬಿಗೆ ಹೆಚ್ಚಿನವರು ಬೇಕಾಗಬಹುದೇ ಎಂದು ಕೇಳಲು ಬರೆಯುತ್ತಿದ್ದೇನೆ. ಡಬ್ಬಿ ಮತ್ತು ಕಡ್ಡಿ ಮೆಣಸಿನಕಾಯಿಯ 40 ಮಾದರಿಗಳ ಬಣ್ಣವನ್ನು ಆಸ್ಟಾ ವಿಧಾನದಲ್ಲಿ ನಾನೇ ಅಳೆದಿದ್ದೇನೆ. ಡಿಸೆಂಬರ್ 1ರಿಂದ ಬರಬಲ್ಲೆ. ದಿನಾ ಊರಿನಿಂದಲೇ ಓಡಾಡಬಲ್ಲೆ. ಇನ್ನೂ ಪ್ರಕಟವಾಗದ ಟ್ರೈನಿ ಕೆಲಸವಿದ್ದರೆ, ನನ್ನ ವಿವರವನ್ನು ಯಾರಿಗೆ ಕಳಿಸಲಿ?"

ಇದರಲ್ಲಿ ಏನೇನಿದೆ ಗಮನಿಸಿ. ಯಾವ ಕೆಲಸ, ಯಾವ ಹೊತ್ತಿಗೆ ಎಂಬುದು ಮೊದಲ ಸಾಲಿನಲ್ಲೇ ಇದೆ. ಆಮೇಲೆ ಕೈಯಾರೆ ಮಾಡಿದ ಒಂದು ಕೆಲಸ, ಅಂಕಿಯ ಸಮೇತ. "ಶ್ರಮಜೀವಿ, ಬೇಗ ಕಲಿಯುತ್ತೇನೆ" ಎಂದು ಯಾರು ಬೇಕಾದರೂ ಬರೆದಾರು. ನಲವತ್ತು ಮಾದರಿ ಅಳೆದವರು ಮಾತ್ರ ಹಾಗೆಂದು ಬರೆಯಬಲ್ಲರು. ಕೊನೆಯ ಪ್ರಶ್ನೆ "ಕೆಲಸ ಕೊಡುತ್ತೀರಾ?" ಅಲ್ಲ, "ಯಾರಿಗೆ ಕಳಿಸಲಿ?" ಎಂಬುದು. ಅದಕ್ಕೆ ಅರ್ಧ ನಿಮಿಷದಲ್ಲಿ ಉತ್ತರ ಬರೆಯಬಹುದು.

ಮಾಡದ್ದನ್ನು ಮಾತ್ರ ಸೇರಿಸಬೇಡಿ. ಅಂಕಿ ಕೊಟ್ಟರೆ ಅದರ ಮೇಲೆಯೇ ಪ್ರಶ್ನೆ ಬರುತ್ತದೆ.

ಆಮೇಲೆ ಏನಾಯಿತು?

ಆರರಲ್ಲಿ ಮೂವರು ಆಹ್ವಾನ ಒಪ್ಪಿದರು, ಇಬ್ಬರು ಉತ್ತರಿಸಿದರು. ಒಬ್ಬರದು "ಈ ವರ್ಷ ಇಲ್ಲ" ಎಂದು. ಇನ್ನೊಬ್ಬರದು "ಒಪ್ಪಿಗೆ ಇನ್ನೂ ಬಂದಿಲ್ಲ, ವಿವರ ಕಳಿಸಿರಿ" ಎಂದು. ಕಳಿಸಿದಳು. ಹತ್ತು ದಿನ ಸುದ್ದಿಯಿಲ್ಲ. "ಮತ್ತ ಕೇಳ್ಲೇನ್ರಿ ಅಕ್ಕಾರ? ಸಿಟ್ಟಾದ್ರ?" ಅಂತ ಹೆದರಿದಳು. ಒಂದು ಸಲ ನೆನಪಿಸುವುದು ತಪ್ಪಲ್ಲ. ಎರಡೇ ಸಾಲು, ಹಳೆಯ ಪತ್ರದ ಕೆಳಗೇ. ಅದಕ್ಕೂ ಉತ್ತರವಿಲ್ಲದಿದ್ದರೆ ಅಲ್ಲಿಗೆ ಬಿಡಬೇಕು. ಮೂರನೆಯ ಸಲ ಬರೆದರೆ ಪೀಡೆಯಾಗುತ್ತದೆ.

ನೆನಪಿಸಿದ ನಾಲ್ಕನೆಯ ದಿನ ಕರೆ ಬಂತು. ಸಂದರ್ಶನದಲ್ಲಿ ಲ್ಯಾಬಿನ ಹಿರಿಯರು ಕೇಳಿದ್ದು, "ಬಣ್ಣ ತೀರ ಗಾಢವಾಗಿ ಯಂತ್ರದ ಅಳತೆ ಮೀರಿದರೆ ಏನು ಮಾಡಿದಿರಿ?" "ಅಸಿಟೋನ್ ಬೆರೆಸಿ ತೆಳುವು ಮಾಡಿ ಮತ್ತೆ ಅಳೆದು, ತೆಳುವು ಮಾಡಿದಷ್ಟನ್ನು ಲೆಕ್ಕಕ್ಕೆ ಹಿಡಿದೆ" ಎಂದಳಂತೆ. ಆರು ತಿಂಗಳ ಟ್ರೈನಿ ಕೆಲಸ ಸಿಕ್ಕಿತು. ಕಾಯಂ ಮಾಡುವ ಭರವಸೆಯನ್ನು ಅವರು ಕೊಡಲಿಲ್ಲ. ಒಪ್ಪಿಗೆಯೇ ಬರದಿದ್ದರೆ ಎಷ್ಟು ಚೆಂದದ ಪತ್ರದಿಂದಲೂ ಇದು ಆಗುತ್ತಿರಲಿಲ್ಲ.

ಕೊನೆಗೊಂದು ಎಚ್ಚರಿಕೆ

ಮೊದಲ ಪತ್ರದಲ್ಲಿ ಫೋನ್ ನಂಬರು, ಮನೆಯ ವಿಳಾಸ, ಆಧಾರ್ ಪ್ರತಿ ಯಾವುದೂ ಬೇಡ. ಉತ್ತರಿಸಿದವರು ನೋಂದಣಿ, ತರಬೇತಿ ಎಂದು ದುಡ್ಡು ಕೇಳಿದರೆ ಅದು ಮೋಸವೆಂದೇ ತಿಳಿಯಿರಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ. ವಿವರ ಕಳಿಸುವಾಗ ಅವರ ಇ-ಮೇಲಿನ ಕೊನೆಯಲ್ಲಿ ಕಂಪನಿಯ ಹೆಸರಿದೆಯೇ ನೋಡಿ. ಅನುಮಾನ ಬಂದರೆ ಕಂಪನಿಯ ಕಚೇರಿಗೇ ಫೋನು ಮಾಡಿ ವಿಚಾರಿಸಿ.

ಈಗ ಆ ಹುಡುಗಿ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬ್ಯಾಡಗಿ ಬಸ್ಸು ಹಿಡಿಯುತ್ತಾಳೆ. ಸಂಜೆ ಅವಳು ಬಂದರೆ ಓಣಿಗೆಲ್ಲ ಮೆಣಸಿನಕಾಯಿ ಘಾಟು. "ಅಕ್ಷೀ...!" ಎಂದು ಸೀನುತ್ತಲೇ ತಾಯಿ ಬಾಗಿಲು ತೆರೆಯುತ್ತಾರೆ.