ಬಿಸಿಲೇ ಬೀಳದ ಫೋಟೋ ಮೊದಲು ಕೆಂಪಾಗಿದ್ದು ಯಾಕೆ? ಡೈ ಇಂಕ್ ಮತ್ತು ಪಿಗ್ಮೆಂಟ್ ಇಂಕ್

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗಾಗಿ ಇದು ಅದರ ಬರಹ ರೂಪ. ಮಾತಲ್ಲಿ ಅರ್ಧಕ್ಕೆ ನಿಂತ ವಾಕ್ಯಗಳನ್ನು ಪೂರ್ತಿ ಮಾಡಿದ್ದೇನೆ, ಅಷ್ಟೇ.

ವಿಷಯ ಶುರುವಾಗಿದ್ದು ನಮ್ಮ ಮನೆಯ ದೇವರ ಗೂಡಿನಿಂದ. ಅಪ್ಪ ತೀರಿಕೊಂಡ ಮೇಲೆ, 2021ರಲ್ಲಿ, ಅವರ ಹಳೆಯ ಸ್ಟುಡಿಯೋ ಫೋಟೋ ಒಂದನ್ನು ಸ್ಕ್ಯಾನ್ ಮಾಡಿ ಮನೆಯ ಇಂಕ್ ಟ್ಯಾಂಕ್ ಪ್ರಿಂಟರ್‌ನಲ್ಲಿ ಮೂರು ಪ್ರತಿ ತೆಗೆದಿದ್ದೆ. ಒಂದೇ ಫೈಲ್, ಒಂದೇ ಪ್ಯಾಕೆಟ್ಟಿನ ಗ್ಲಾಸಿ ಪೇಪರ್, ಒಂದೇ ದಿನ. ಒಂದನ್ನು ಗಾಜಿನ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದೆವು. ಇನ್ನೊಂದು ಆಲ್ಬಮ್‌ಗೆ ಹೋಯಿತು. ಮೂರನೆಯದನ್ನು ಅಮ್ಮ ಫ್ರೇಮ್ ಇಲ್ಲದೆ ಹಾಗೇ ದೇವರ ಗೂಡಿನಲ್ಲಿ ಒರಗಿಸಿಟ್ಟರು.

2024ರ ಬೇಸಿಗೆಯಲ್ಲಿ ನೋಡಿದರೆ, ಗೂಡಿನ ಫೋಟೋದಲ್ಲಿ ಅಪ್ಪನ ನೀಲಿ ಅಂಗಿ ಹೆಚ್ಚುಕಡಿಮೆ ಬೂದಿ ಬಣ್ಣಕ್ಕೆ ತಿರುಗಿತ್ತು. ಮುಖ ಇಟ್ಟಿಗೆ ಕೆಂಪು. ಹಾಲ್‌ನ ಫ್ರೇಮಿನ ಮೇಲೆ ದಿನಾ ಸಂಜೆ ಹೈದರಾಬಾದಿನ ಪಶ್ಚಿಮದ ಬಿಸಿಲು ಬೀಳುತ್ತೆ. ಅದು ಸ್ವಲ್ಪ ಮಂಕಾಗಿತ್ತು, ಆದರೆ ನೀಲಿ ನೀಲಿಯಾಗೇ ಇತ್ತು. ಆಲ್ಬಮ್‌ನದ್ದು ನಿನ್ನೆ ತೆಗೆದ ಹಾಗಿತ್ತು. ಅಂದರೆ ಬಿಸಿಲೇ ಕಾಣದ ಫೋಟೋ ಎಲ್ಲಕ್ಕಿಂತ ಮೊದಲು ಕೆಟ್ಟಿತ್ತು.

"ಊದಿನಕಡ್ಡಿ ಹೊಗಿಗೆ ಹಿಂಗ ಆಗ್ಯದ ನೋಡಪಾ," ಅಂದರು ಅಮ್ಮ. ನನಗೂ ಮೊದಲು ಅದೇ ಅನಿಸಿತ್ತು. ಅಷ್ಟರಲ್ಲಿ ಮೂಲ ಫೈಲ್ ಇದ್ದ ಹಾರ್ಡ್‌ಡಿಸ್ಕ್ ಸತ್ತುಹೋಗಿತ್ತು. ಬ್ಯಾಕಪ್ ಇರಲಿಲ್ಲ. (ದಿನವಿಡೀ ಬೇರೆಯವರ ಡೇಟಾಬೇಸಿಗೆ ಬ್ಯಾಕಪ್ ಬರೆಯೋನು ನಾನು. ನಗಬಹುದು.) ಊರಲ್ಲಿದ್ದ ಮೂಲ ಫೋಟೋ ಮಳೆಗೆ ನೆಂದ ಪೆಟ್ಟಿಗೆಯಲ್ಲಿ ಹಾಳಾಗಿತ್ತು. ಹಾಗಾಗಿ ಈ ಮೂರು ಪ್ರಿಂಟುಗಳೇ ಉಳಿದ ಫೋಟೋ. ಏನಾಯಿತು ಅಂತ ಗೊತ್ತು ಮಾಡಿಕೊಳ್ಳಲೇಬೇಕಿತ್ತು.

ಹೊಗೆಯ ವಾದವನ್ನು ಒಂದು ಸುಳಿವು ಬಿಡಿಸಿತು. ಹೊಗೆ ಕೂತಿದ್ದರೆ ಫೋಟೋದ ಬಿಳಿ ಅಂಚೂ ಹಳದಿಯಾಗಬೇಕು, ಅಲ್ವಾ? ಅಂಚು ಬೆಳ್ಳಗೇ ಇತ್ತು. ಇನ್ನೊಂದು ಸುಳಿವು ಕೆಳಗಿನ ಮೂಲೆಯಲ್ಲಿತ್ತು. ಆ ಮೂಲೆಗೆ ವೆಂಕಟೇಶ್ವರನ ಪಟ ಒತ್ತಿಕೊಂಡು ನಿಂತಿತ್ತು. ಪಟ ಸರಿಸಿದರೆ ಕೆಳಗೆ ಎರಡು ಬೆರಳಗಲದಷ್ಟು ಜಾಗದಲ್ಲಿ ಹಿನ್ನೆಲೆಯ ಪರದೆಯ ನೀಲಿ ಹಾಗೇ ಉಳಿದಿತ್ತು. ಮೇಲೆ ಏನೋ ಸೇರಿಕೊಂಡಿರಲಿಲ್ಲ, ಒಳಗಿಂದ ಒಂದು ಬಣ್ಣ ಹೋಗಿತ್ತು. ಗಾಳಿ ಆಡಿದ ಕಡೆ ಮಾತ್ರ ಹೋಗಿತ್ತು.

ಹೋದ ಬಣ್ಣ ಸಯಾನ್, ಅಂದರೆ ಪ್ರಿಂಟರಿನ ಆಕಾಶನೀಲಿ. ತೆಗೆದುಕೊಂಡು ಹೋಗಿದ್ದು ಗಾಳಿಯಲ್ಲಿನ ಓಝೋನ್. ವಾಹನಗಳ ಹೊಗೆಯಲ್ಲಿರೋ ನೈಟ್ರೋಜನ್ ಆಕ್ಸೈಡ್‌ಗಳು ಮತ್ತು ಬಿಸಿಲು ಸೇರಿದಾಗ ನೆಲಮಟ್ಟದಲ್ಲೇ ಓಝೋನ್ ಹುಟ್ಟುತ್ತೆ. ಟ್ರಾಫಿಕ್ಕೂ ಬಿಸಿಲೂ ಎರಡೂ ಧಾರಾಳವಾಗಿರೋ ಊರಲ್ಲಿ ನಾವು ಕಿಟಕಿ ತೆಗೆದಿಟ್ಟುಕೊಂಡೇ ಬದುಕೋದು. ನಮ್ಮ ದೇವರ ಗೂಡು ಇರೋದು ಯುಟಿಲಿಟಿ ಬಾಲ್ಕನಿಯ ಬಾಗಿಲ ಪಕ್ಕ. ದಿನವಿಡೀ ಗಾಳಿ.

ಇಲ್ಲಿಗೆ ಇಂಕಿನ ಜಾತಿ ಮುಖ್ಯವಾಗುತ್ತೆ. ಡೈ ಇಂಕ್‌ನಲ್ಲಿ ಬಣ್ಣ ನೀರಲ್ಲಿ ಉಪ್ಪು ಕರಗಿದ ಹಾಗೆ ಕರಗಿರುತ್ತೆ, ಒಂದೊಂದು ಅಣುವೂ ಬಿಡಿಬಿಡಿ. ಪಿಗ್ಮೆಂಟ್ ಇಂಕ್‌ನಲ್ಲಿ ಬಣ್ಣ ಕರಗಿರೋದಿಲ್ಲ. ಸುಣ್ಣದ ನೀರಿನ ಥರ, ಅತಿ ಸಣ್ಣ ಗಟ್ಟಿ ಕಣಗಳು ತೇಲುತ್ತಿರುತ್ತವೆ. ಒಂದು ಕಣ ಸುಮಾರು 100 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು. ಕಣ್ಣಿಗೆ ಕಾಣದಿದ್ದರೂ ಅದರೊಳಗೆ ಲಕ್ಷಾಂತರ ಬಣ್ಣದ ಅಣುಗಳು ಒತ್ತೊತ್ತಾಗಿ ಕೂತಿರುತ್ತವೆ.

ಬೆಲ್ಲದ ಪುಡಿ ಚೆಲ್ಲಿದರೆ ಇರುವೆಗಳು ನೋಡನೋಡುತ್ತಿದ್ದಂತೆ ಖಾಲಿ ಮಾಡುತ್ತವೆ. ಅದೇ ಬೆಲ್ಲದ ಅಚ್ಚಿಗೆ ಇರುವೆ ಮುತ್ತಿದರೂ ಹೊರಗಿನ ಪದರವಷ್ಟೇ ಹೋಗುತ್ತೆ, ಒಳಗಿನದಕ್ಕೆ ಕಾಲ ಹಿಡಿಯುತ್ತೆ. ಓಝೋನ್ ಇರುವೆ, ಡೈ ಪುಡಿ, ಪಿಗ್ಮೆಂಟ್ ಅಚ್ಚು. ಬೆಳಕಿನ ವಿಷಯದಲ್ಲೂ ಹೆಚ್ಚುಕಡಿಮೆ ಹೀಗೇ.

ನನಗೆ ತುಂಬಾ ಇಷ್ಟವಾದ ಸಂಗತಿ ಏನಂದರೆ, ಬಹಳಷ್ಟು ಸಯಾನ್ ಡೈಗಳ ಮತ್ತು ಸಯಾನ್ ಪಿಗ್ಮೆಂಟ್‌ಗಳ ಮೂಲ ಅಣು ಒಂದೇ. ಹೆಸರು ಕಾಪರ್ ಥ್ಯಾಲೋಸಯನಿನ್, ನಡುವೆ ತಾಮ್ರ, ಸುತ್ತ ಉಂಗುರ. ಗೋಡೆಯ ಪೇಂಟಿನ ನೀಲಿಯಲ್ಲೂ ಇರೋದು ಇದೇ. ಹಾಗೇ ಬಿಟ್ಟರೆ ಹರಳುಗಟ್ಟಿ ಪಿಗ್ಮೆಂಟ್ ಆಗುತ್ತೆ. ನೀರಲ್ಲಿ ಕರಗಲಿ ಅಂತ ಗಂಧಕದ ಆಮ್ಲದ ಬಾಲಗಳನ್ನು ಅಂಟಿಸಿದರೆ ಡೈ ಆಗುತ್ತೆ. ಬೆಳಕನ್ನು ಈ ಡೈ ಚೆನ್ನಾಗಿಯೇ ತಡೆಯುತ್ತೆ, ಓಝೋನಿಗೆ ಮಾತ್ರ ಉಂಗುರ ಒಡೆದುಹೋಗುತ್ತೆ. ಸಯಾನ್ ಹೋದರೆ ಉಳಿಯೋದು ಮಜೆಂಟಾ ಮತ್ತು ಹಳದಿ, ಎರಡೂ ಸೇರಿದರೆ ಕೆಂಪು. ಅಪ್ಪನ ಮುಖ ಕೆಂಪಾಗಿದ್ದು ಹೀಗೆ.

ಇದು ನಮ್ಮನೆಯಲ್ಲೇ ಮೊದಲು ಆಗಿದ್ದಲ್ಲ. 2000ದಲ್ಲಿ ಎಪ್ಸನ್ ಕಂಪನಿ ಸ್ಟೈಲಸ್ ಫೋಟೋ 870 ಮತ್ತು 1270 ಅನ್ನೋ ಡೈ ಪ್ರಿಂಟರ್‌ಗಳನ್ನು ತಂದಿತು. ಬೆಳಕಿನ ಪರೀಕ್ಷೆಯ ಲೆಕ್ಕದಲ್ಲಿ ಪ್ರಿಂಟು 10 ವರ್ಷದಷ್ಟು ಬಾಳುತ್ತೆ ಅನ್ನೋ ಮಾತಿತ್ತು. ಕೆಲವರ ಮನೆಯಲ್ಲಿ ಕೆಲವೇ ವಾರಗಳಲ್ಲಿ ಫೋಟೋಗಳು ಕಿತ್ತಳೆ ಬಣ್ಣಕ್ಕೆ ತಿರುಗಿದವು. ಪಕ್ಕದೂರಿನವರದ್ದು ಚೆನ್ನಾಗೇ ಇತ್ತು. ಬೆಳಕಿನ ಪರೀಕ್ಷೆ ಸುಳ್ಳು ಹೇಳಿರಲಿಲ್ಲ, ಅದು ಗಾಳಿಯನ್ನು ಕೇಳಿರಲೇ ಇಲ್ಲ.

ಇದರಲ್ಲಿ ಪೇಪರಿನ ಪಾಲೂ ಇದೆ. ಪ್ರಿಂಟ್ ಆಗುತ್ತಿದ್ದಂತೆ ಒಣಗೋ ಈಗಿನ ಗ್ಲಾಸಿ ಪೇಪರ್‌ಗಳ ಮೇಲ್ಪದರದಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರಗಳಿರುತ್ತವೆ. ಇಂಕು ಅದರೊಳಗೆ ಇಳಿಯೋದರಿಂದಲೇ ಬೇಗ ಒಣಗುತ್ತೆ. ಅದೇ ರಂಧ್ರದಲ್ಲಿ ಗಾಳಿಯೂ ಇಳಿಯುತ್ತೆ. ಗಾಜು ಹಾಕಿದ ಪ್ರತಿಗೆ ಗಾಳಿಯ ಓಡಾಟ ನಿಂತಿತ್ತು, ಅದಕ್ಕೇ ಅದು ಬಿಸಿಲಿದ್ದರೂ ಬದುಕಿತು.

ಡಬ್ಬಿ ಮೇಲೆ ಬರೆದ "ಇಷ್ಟು ವರ್ಷ" ಬಗ್ಗೆ ಒಂದು ಮಾತು. ಈ ಲೆಕ್ಕಕ್ಕೆ ಹೆಸರಾದ ಅಮೆರಿಕದ ಹೆನ್ರಿ ವಿಲ್ಹೆಲ್ಮ್ ಅವರ ಪ್ರಯೋಗಾಲಯ ದಿನಕ್ಕೆ 12 ಗಂಟೆ 450 ಲಕ್ಸ್ ಬೆಳಕು ಅಂತ ಹಿಡಿಯುತ್ತೆ. ಕೊಡಾಕ್ 120 ಲಕ್ಸ್ ಹಿಡಿಯುತ್ತಿತ್ತು. ಅದೇ ಪ್ರಿಂಟಿಗೆ ಆಯಸ್ಸು ಸುಮಾರು ನಾಲ್ಕು ಪಟ್ಟು! ವರ್ಷ ನೋಡೋ ಮೊದಲು "ಗಾಜಿನೊಳಗೆ" ಅಂತಿದೆಯೋ "ಗಾಜಿಲ್ಲದೆ" ಅಂತಿದೆಯೋ ನೋಡಿ. ಡೈ ಇಂಕಿಗೆ ಈ ಎರಡರ ನಡುವಿನ ಅಂತರವೇ ನಿಜವಾದ ಮಾಹಿತಿ.

ಈಗ ನೀರು. ಸಾದಾ ಪೇಪರ್ ಮೇಲೆ ಡೈಗೆ ಒಂದು ಹನಿ ಬಿದ್ದರೆ ಸಾಕು, ಮತ್ತೆ ಕರಗಿ ಹರಡುತ್ತೆ. ಪಿಗ್ಮೆಂಟ್ ಕಣಗಳು ನಾರಿಗೆ ಕಚ್ಚಿಕೊಂಡು ಕೂತಿರೋದರಿಂದ ಅಲ್ಲಾಡೋದಿಲ್ಲ. ಮಳೆಯಲ್ಲಿ ನೆಂದ ಆಧಾರ್ ಪ್ರಿಂಟ್‌ಔಟ್ ನೋಡಿದ್ದೀರಾ? ಕಪ್ಪು ಅಕ್ಷರ ನಿಂತಿರುತ್ತೆ, ಫೋಟೋ ಮಾತ್ರ ಹರಡಿರುತ್ತೆ. ಎಷ್ಟೋ ಮನೆ ಪ್ರಿಂಟರ್‌ಗಳಲ್ಲಿ ಕಪ್ಪು ಪಿಗ್ಮೆಂಟ್, ಉಳಿದ ಬಣ್ಣಗಳು ಡೈ. ಕ್ಯಾನನ್ ಜಿ ಸರಣಿಯ ಹಲವು ಮಾದರಿಗಳು ಹೀಗೇ. ಆದರೆ "ಪಿಗ್ಮೆಂಟ್ ಬ್ಲ್ಯಾಕ್ ಇದೆ" ಅಂತ ಫೋಟೋಗೆ ನಂಬಬೇಡಿ. ಗ್ಲಾಸಿ ಪೇಪರ್ ಆರಿಸಿದಾಗ ಇಂಥ ಪ್ರಿಂಟರ್ ಸಾಮಾನ್ಯವಾಗಿ ಆ ಕಪ್ಪನ್ನು ಮುಟ್ಟೋದೇ ಇಲ್ಲ, ಮೂರು ಡೈಗಳನ್ನು ಬೆರೆಸಿಯೇ ಕಪ್ಪು ಮಾಡುತ್ತೆ.

ಒಳ್ಳೆಯ ಫೋಟೋ ಪೇಪರ್ ಮೇಲೆ ಡೈ ಕೂಡ ಒಂದೆರಡು ಹನಿ ತಡೆಯುತ್ತೆ, ಯಾಕಂದರೆ ಮೇಲ್ಪದರದಲ್ಲಿ ಡೈಯನ್ನು ಹಿಡಿದಿಡೋ ರಾಸಾಯನಿಕ ಇರುತ್ತೆ. ಗೊತ್ತಾಗಬೇಕಿದ್ದರೆ ಬೇಡದ ಪ್ರಿಂಟಿನ ಮೂಲೆಗೆ ಒದ್ದೆ ಇಯರ್‌ಬಡ್ ಒತ್ತಿ ತೆಗೀರಿ, ಉಜ್ಜಬೇಡಿ. ಹತ್ತಿಗೆ ಬಣ್ಣ ಬಂದರೆ ಡೈ, ಅದೂ ಸಡಿಲವಾಗಿರೋದು. ಒತ್ತಿದಾಗ ಏನೂ ಬರದೆ ಉಜ್ಜಿದಾಗ ಪುಡಿಯಂತೆ ಎದ್ದರೆ ಪಿಗ್ಮೆಂಟ್ ಪೇಪರಿಗೆ ಸರಿಯಾಗಿ ಕಚ್ಚಿಲ್ಲ ಅಂತ.

ಹಾಗಾದರೆ ಎಲ್ಲದಕ್ಕೂ ಪಿಗ್ಮೆಂಟೇ ಹಾಕೋಣ ಅಂತೀರಾ? ಸಿಕಂದರಾಬಾದಿನ ಸಿಟಿಸಿಗೆ, ಅಂದರೆ ಚೆನಾಯ್ ಟ್ರೇಡ್ ಸೆಂಟರಿಗೆ ಹೋದರೆ ಬಾಟಲಿಯಲ್ಲಿ ಸಿಗುತ್ತೆ, "ಡೈ ಪ್ರಿಂಟರಿಗೂ ನಡೆಯುತ್ತೆ" ಅನ್ನೋ ಅಂಗಡಿಯವರೂ ಸಿಗುತ್ತಾರೆ. ಹಾಕಬೇಡಿ. ಕಣಗಳು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ನಮ್ಮ ಏಪ್ರಿಲ್ ತಿಂಗಳ ಒಣ ಸೆಕೆಯಲ್ಲಿ ನಾಜಲ್‌ನಲ್ಲೇ ಗಟ್ಟಿಯಾಗುತ್ತವೆ. ಉಳಿದಿದ್ದ ಡೈಯೊಂದಿಗೆ ಬೆರೆತು ಹೆಪ್ಪುಗಟ್ಟಿದರೆ ಹೆಡ್ಡೇ ಹೋಯಿತು. ಪಿಗ್ಮೆಂಟಿಗೆಂದೇ ಮಾಡಿದ ಪ್ರಿಂಟರ್ ಬೇರೆ, ದುಬಾರಿ. ಅದರಲ್ಲೂ ಗ್ಲಾಸಿ ಪೇಪರ್ ಮೇಲೆ ಓರೆಯಾಗಿ ನೋಡಿದರೆ ಕಪ್ಪು ಜಾಗ ಕಂಚಿನ ಹಾಗೆ ಹೊಳೆಯೋದುಂಟು. ಬಣ್ಣದ ಝಗಮಗ ಬೇಕಿದ್ದರೆ ಡೈಯೇ ಚೆಂದ, ಆಲ್ಬಮ್‌ಗೆ ನಾನು ಇವತ್ತೂ ಡೈಯಲ್ಲೇ ತೆಗೆಯೋದು.

ಸ್ಟುಡಿಯೋ ಲ್ಯಾಬ್‌ನಲ್ಲಿ ಬೆಳ್ಳಿಯ ಕಾಗದಕ್ಕೆ ಪ್ರಿಂಟ್ ಮಾಡಿಸೋದು ಇನ್ನೊಂದು ದಾರಿ. ಅದೂ ಡೈಯೇ, ಆದರೆ ಜೆಲಟಿನ್ ಒಳಗೆ ಹುದುಗಿರೋದರಿಂದ ಓಝೋನಿಗೆ ಸುಲಭಕ್ಕೆ ಸಿಗೋದಿಲ್ಲ. ಈಗ ಹಲವು ಲ್ಯಾಬ್‌ಗಳು "ಡ್ರೈ ಲ್ಯಾಬ್" ಆಗಿವೆ, ಅದು ಡೈ ಇಂಕ್‌ಜೆಟ್. ಕೊಡೋ ಮೊದಲು ಕೇಳಿಕೊಳ್ಳಿ.

ಅಪ್ಪನ ಫೋಟೋಗೆ ಏನು ಮಾಡಿದೆ? ಆಲ್ಬಮ್ ಪ್ರತಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆ. ಆಲ್ಬಮ್‌ನದ್ದು ಇರದಿದ್ದರೆ ಏನಾಗುತ್ತಿತ್ತು ನೋಡೋಣ ಅಂತ ಗೂಡಿನದ್ದನ್ನೂ ಮಾಡಿದೆ. ಸಯಾನ್ ಹೋಗಿದೆ ಅಂದರೆ ಸ್ಕ್ಯಾನಿನ ರೆಡ್ ಚಾನೆಲ್ ಮಾತ್ರ ವಿಪರೀತ ಬೆಳ್ಳಗಿರುತ್ತೆ, ಗ್ರೀನ್ ಮತ್ತು ಬ್ಲೂ ಬಹುಪಾಲು ಸರಿ ಇರುತ್ತವೆ. ಕರ್ವ್ಸ್‌ನಲ್ಲಿ ರೆಡ್‌ನ ಕಪ್ಪು ತುದಿಯನ್ನು ಎಳೆದಾಗ ಮುಖದ ಬಣ್ಣ ಅಚ್ಚರಿಯಾಗುವಷ್ಟು ವಾಪಸ್ ಬಂತು. ಅಂಗಿ ಬರಲಿಲ್ಲ. ಅದರ ನೆರಿಗೆಗಳೆಲ್ಲ ಸಯಾನ್‌ನಲ್ಲೇ ಇದ್ದವು, ಅಲ್ಲಿ ಎಳೆಯೋಕೆ ಏನೂ ಉಳಿದಿರಲಿಲ್ಲ.

ಆಲ್ಬಮ್ ಸ್ಕ್ಯಾನನ್ನು ಪಿಗ್ಮೆಂಟ್ ಪ್ರಿಂಟರ್ ಇರೋ ಒಂದು ಪ್ರಿಂಟ್ ಸ್ಟುಡಿಯೋದಲ್ಲಿ ಮ್ಯಾಟ್ ಪೇಪರಿಗೆ ತೆಗೆಸಿದೆ. ಒಂದು ದಿನ ಒಣಗಿಸಿ ಆಮೇಲೆ ಫ್ರೇಮ್ ಹಾಕಿಸಿದೆ. ಬೇಗ ಮುಚ್ಚಿದರೆ ಇಂಕಿನ ದ್ರಾವಕ ಆವಿಯಾಗಿ ಗಾಜಿನ ಒಳಗೆ ಮಂಜು ಕಟ್ಟುತ್ತೆ. ಗಾಜು ಫೋಟೋಗೆ ತಾಗದಂತೆ ಸುತ್ತ ಮೌಂಟ್ ಬೋರ್ಡ್ ಇಡಿಸಿದೆ, ತಾಗಿದರೆ ಮಳೆಗಾಲದ ತೇವಕ್ಕೆ ಅಂಟಿಕೊಳ್ಳುತ್ತೆ. ಫೈಲ್ ಈಗ ಮೂರು ಕಡೆ ಇದೆ.

ನಿಮ್ಮ ಪ್ರಿಂಟರನ್ನೂ ಪರೀಕ್ಷಿಸಬಹುದು. ಸಯಾನ್, ಮಜೆಂಟಾ, ಹಳದಿ, ಕಪ್ಪು ಪಟ್ಟಿ ಮತ್ತು ಒಂದು ಮುಖ ಇರೋ ಹಾಳೆ ತೆಗೆದು ಮೂರು ತುಂಡು ಮಾಡಿ. ಒಂದು ಪುಸ್ತಕದೊಳಗೆ, ಒಂದು ಕಿಟಕಿ ಹತ್ತಿರ ಗಾಜಿನ ಹಿಂದೆ, ಒಂದು ಬಿಸಿಲಿಲ್ಲದ ಆದರೆ ಗಾಳಿ ಆಡೋ ಜಾಗದಲ್ಲಿ. ಎರಡು ಮೂರು ತಿಂಗಳಿಗೊಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಮೂರನೆಯದರ ಸಯಾನ್ ಮೊದಲು ಹೋದರೆ ಕಾರಣ ಗಾಳಿ.

ಹೊಸ ಫೋಟೋ ಗೂಡಿಗೆ ಬಂದ ದಿನ ಅಮ್ಮ ಕೇಳಿದರು, "ಒದ್ದಿ ಬಟ್ಟಿಲಿ ಒರಸಬಹುದೇನೋ?" ಗಾಜು ಒರೆಸಮ್ಮ, ಫೋಟೋ ಮುಟ್ಟಬೇಡ ಅಂದೆ. ನೀರಿಗೆ ಅದು ಜಗ್ಗೋದಿಲ್ಲ, ಆದರೆ ಬಟ್ಟೆಯ ಉಜ್ಜಿಗೆ ಕಣ ಏಳುತ್ತೆ.